ಕಳುವಾದ ಫೋನಿನಲ್ಲಿ ಉಳಿದ ವಾಟ್ಸ್ಆ್ಯಪ್: ದೂರದಿಂದ ಮುಚ್ಚುವುದು ಹೇಗೆ, ಯಾವುದು ಮೊದಲು

ಫೋನ್ ಕಳೆದುಕೊಂಡವರು ಇನ್ನೊಬ್ಬರ ಫೋನಿನಿಂದ ಕರೆ ಮಾಡಿ ಸಾಮಾನ್ಯವಾಗಿ ಕೇಳುವುದು ಇದನ್ನೇ: "ವಾಟ್ಸ್ಆ್ಯಪ್ ಡಿಲೀಟ್ ಮಾಡೋದು ಹೇಗೆ?" ಯಾವುದಾದರೂ ಕಂಪ್ಯೂಟರಿನ ಮುಂದೆ ಕೂತು, ಪಾಸ್‌ವರ್ಡ್ ಕೊಟ್ಟು ಒಳಹೋಗಿ, ಒಂದು ಬಟನ್ ಒತ್ತಿದರೆ ಖಾತೆ ಅಳಿಸಿಹೋಗುತ್ತದೆ ಎಂದು ಅವರು ಅಂದುಕೊಂಡಿರುತ್ತಾರೆ. ಇಮೇಲ್‌ನಲ್ಲಿ ಹಾಗೆ ಮಾಡಬಹುದು. ವಾಟ್ಸ್ಆ್ಯಪ್‌ನಲ್ಲಿ ಆಗುವುದಿಲ್ಲ. ಖಾತೆ ಅಳಿಸುವ ಬಟನ್ ಇರುವುದು ಆ್ಯಪ್‌ನ ಸೆಟ್ಟಿಂಗ್ಸ್ ಒಳಗೆ. ಆ ಆ್ಯಪ್ ಇರುವುದು ಈಗ ಕಳ್ಳನ ಕೈಯಲ್ಲಿರುವ ಫೋನಿನೊಳಗೆ.

ಬಟನ್ ಕೈಗೆ ಸಿಕ್ಕರೂ ಆ ಹೊತ್ತಿನಲ್ಲಿ ಅದನ್ನು ಒತ್ತಬಾರದು ಎಂಬುದು ನನ್ನ ಅಭಿಪ್ರಾಯ. ಯಾಕೆ ಎಂಬುದು ಗೊತ್ತಾಗಬೇಕಾದರೆ, ಈ ಖಾತೆ ಯಾವುದಕ್ಕೆ ಅಂಟಿಕೊಂಡಿದೆ ಎಂಬುದನ್ನು ಒಂದು ನಿಮಿಷ ನೋಡಬೇಕು.

ವಾಟ್ಸ್ಆ್ಯಪ್‌ಗೆ ನೀವು ಯಾರು ಎಂಬುದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಒಂದು ಮೊಬೈಲ್ ನಂಬರ್, ಮತ್ತು ಆ ನಂಬರ್ ಸದ್ಯ ಯಾವ ಫೋನಿನಲ್ಲಿ ನೋಂದಣಿಯಾಗಿದೆ ಎಂಬ ದಾಖಲೆ. ಆ ನಂಬರಿಗೆ ಎಸ್‌ಎಂಎಸ್ ಅಥವಾ ಕರೆಯ ಮೂಲಕ ಬರುವ ಆರು ಅಂಕಿಯ ಕೋಡ್ ಯಾರು ಕೊಡುತ್ತಾರೋ ಅವರೇ ಯಜಮಾನರು. ಇನ್ನೊಂದು ನಿಯಮವೂ ಇದೆ: ಒಂದು ನಂಬರಿಗೆ ಒಂದು ಹೊತ್ತಿನಲ್ಲಿ ಒಂದೇ ಮುಖ್ಯ ಫೋನ್. ಹೊಸ ಫೋನಿನಲ್ಲಿ ಕೋಡ್ ಕೊಟ್ಟು ನೋಂದಾಯಿಸಿದ ಕ್ಷಣವೇ ಹಳೆಯ ಫೋನಿನ ನೋಂದಣಿ ರದ್ದಾಗುತ್ತದೆ. ಅದಕ್ಕೆ ಹಳೆಯ ಫೋನಿನ ಒಪ್ಪಿಗೆ ಬೇಕಿಲ್ಲ, ಅದು ಆನ್ ಆಗಿರಬೇಕೆಂದೂ ಇಲ್ಲ. ದೂರದಿಂದ ಖಾತೆಗೆ ಬೀಗ ಹಾಕುವುದು ಅಂದರೆ ಇದೇ. ಬೀಗ ಹಾಕುವ ಬೇರೆ ಬಟನ್ ಯಾವುದೂ ಇಲ್ಲ, ನಂಬರನ್ನು ವಾಪಸು ಪಡೆದು ನೋಂದಣಿಯನ್ನು ನಿಮ್ಮ ಕಡೆಗೆ ಎಳೆದುಕೊಳ್ಳಬೇಕು.

ಡಿಲೀಟ್ ಮಾಡಿದರೆ ಏನಾಗುತ್ತದೆ ಎಂಬುದನ್ನು ಈಗ ಊಹಿಸಬಹುದು. ಸಿಮ್ ಇನ್ನೂ ಕಳ್ಳನ ಬಳಿಯೇ ಇದ್ದರೆ ಅವನು ಅದೇ ನಂಬರಿನಲ್ಲಿ ಹೊಸದಾಗಿ ಖಾತೆ ತೆರೆಯಬಲ್ಲ. ಹೊಸ ಫೋನಿನಲ್ಲಿ ನೋಂದಾಯಿಸುವಾಗ ಆರು ಅಂಕಿಯ ಕೋಡ್ ಜತೆಗೆ ಕೇಳಲೆಂದು ನೀವು ಇಟ್ಟಿದ್ದ ಪಿನ್ ಕೂಡ ಖಾತೆಯೊಂದಿಗೆ ಅಳಿಸಿಹೋಗಿರುವುದರಿಂದ ಅವನನ್ನು ತಡೆಯಲು ಏನೂ ಉಳಿದಿರುವುದಿಲ್ಲ. ಇತ್ತ ನಿಮ್ಮ ಗ್ರೂಪುಗಳೂ ಹೋದವು, ಗೂಗಲ್ ಖಾತೆಯಲ್ಲಿದ್ದ ಚಾಟ್ ಬ್ಯಾಕಪ್ಪೂ ಹೋಯಿತು. ನಷ್ಟವೆಲ್ಲ ನಿಮ್ಮದು, ಅವನಿಗೆ ಹಾದಿ ಇನ್ನಷ್ಟು ಸಲೀಸು.

ಮೊದಲ ಹದಿನೈದು ನಿಮಿಷ

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಒಬ್ಬ ಶಿಕ್ಷಕಿ. ಸಂಜೆ 6:40ಕ್ಕೆ ರಸ್ತೆಯಲ್ಲಿ ನಿಂತು ಮೆಸೇಜ್ ಟೈಪ್ ಮಾಡುತ್ತಿದ್ದಾಗ ಬೈಕಿನಲ್ಲಿ ಬಂದವನು ಫೋನ್ ಕಸಿದುಕೊಂಡು ಹೋದ. ಆಂಡ್ರಾಯ್ಡ್ ಫೋನ್, ಸ್ಕ್ರೀನ್ ಲಾಕ್ ತೆರೆದೇ ಇತ್ತು. ವಾಟ್ಸ್ಆ್ಯಪ್‌ನಲ್ಲಿ ಎರಡು ಹಂತದ ಪರಿಶೀಲನೆಯ ಪಿನ್ ಇಟ್ಟಿರಲಿಲ್ಲ. ಮನೆಯ ಲ್ಯಾಪ್‌ಟಾಪಿನಲ್ಲಿ ವಾಟ್ಸ್ಆ್ಯಪ್ ವೆಬ್ ತೆರೆದಿತ್ತು. ಪಕ್ಕದಲ್ಲಿದ್ದ ಸಹೋದ್ಯೋಗಿಯ ಫೋನ್ ಕೈಗೆ ಸಿಕ್ಕಿತು.

ಇಲ್ಲಿ ಎರಡು ಕೆಲಸಗಳು ಒಂದಕ್ಕೊಂದು ಅಡ್ಡ ಬರುತ್ತವೆ. ಸಿಮ್ ಬ್ಲಾಕ್ ಮಾಡಿಸಬೇಕು, ಅದು ಸರಿಯೇ. ಆದರೆ ಸಿಮ್ ಬ್ಲಾಕ್ ಆದ ಕೂಡಲೇ ಆ ಫೋನಿನ ಮೊಬೈಲ್ ಡೇಟಾ ನಿಲ್ಲುತ್ತದೆ. ಆಮೇಲೆ ನೀವು ದೂರದಿಂದ ಕಳಿಸುವ "ಲಾಕ್ ಆಗು", "ಅಳಿಸಿಹೋಗು" ಎಂಬ ಆಜ್ಞೆಗಳು ಆ ಫೋನ್ ಯಾವುದಾದರೂ ವೈಫೈಗೆ ಸೇರುವ ತನಕ ಅದನ್ನು ಮುಟ್ಟುವುದಿಲ್ಲ. ಹಾಗಾಗಿ ಫೋನ್ ತೆರೆದ ಸ್ಥಿತಿಯಲ್ಲೇ ಹೋಗಿದ್ದರೆ ಮೊದಲ ಒಂದೆರಡು ನಿಮಿಷ ಸ್ಕ್ರೀನ್ ಲಾಕ್‌ಗೆ ಕೊಡಿ, ಅದರ ಬೆನ್ನಿಗೇ ಸಿಮ್. ಲಾಕ್ ಮಾಡುವ ದಾರಿ ಕೂಡಲೇ ಸಿಗದಿದ್ದರೆ ಅದಕ್ಕಾಗಿ ಒದ್ದಾಡುತ್ತ ಕೂರಬೇಡಿ, ನೇರವಾಗಿ ಸಿಮ್‌ಗೆ ಹೋಗಿ.

ಶಿಕ್ಷಕಿ ಸಹೋದ್ಯೋಗಿಯ ಫೋನಿನ ಬ್ರೌಸರ್‌ನಲ್ಲಿ ಈ ವಿಳಾಸ ತೆರೆದರು:

```
android.com/lock
```

ಇದರ ಅನುಕೂಲವೆಂದರೆ ಗೂಗಲ್ ಪಾಸ್‌ವರ್ಡ್ ನೆನಪಿರಬೇಕಿಲ್ಲ, ಫೋನ್ ನಂಬರ್ ಕೊಟ್ಟರೆ ಸಾಕು, ಸ್ಕ್ರೀನ್ ಲಾಕ್ ಆಗುತ್ತದೆ. ಗಾಬರಿಯಲ್ಲಿರುವವರಿಗೆ ಪಾಸ್‌ವರ್ಡ್ ನೆನಪಾಗುವುದಿಲ್ಲ ಎಂಬುದನ್ನು ಯಾರೋ ತಿಳಿದವರೇ ಇದನ್ನು ಮಾಡಿದ್ದಾರೆ. ಆದರೆ ಷರತ್ತುಗಳಿವೆ: ಫೋನಿನಲ್ಲಿ ಈ ಸೌಲಭ್ಯ ಮೊದಲೇ ಆನ್ ಆಗಿರಬೇಕು, ಸ್ಕ್ರೀನ್ ಲಾಕ್ ಹೊಂದಿಸಿರಬೇಕು, ಫೋನ್ ಇಂಟರ್ನೆಟ್‌ನಲ್ಲಿರಬೇಕು. ಐಫೋನ್ ಆಗಿದ್ದರೆ icloud.com/find ಗೆ ಹೋಗಿ ಲಾಸ್ಟ್ ಮೋಡ್ ಹಾಕಬೇಕಿತ್ತು. ಅಲ್ಲಿ ಆ್ಯಪಲ್ ಪಾಸ್‌ವರ್ಡ್ ಬೇಕು, ಆದರೆ ಎರಡನೇ ಹಂತದ ಕೋಡ್ ಕೇಳುವುದಿಲ್ಲ. ಆ ಕೋಡ್ ಬರುವುದು ಕಳುವಾದ ಫೋನಿಗೇ ಆಗಿರಬಹುದು ಎಂಬ ಕಾರಣಕ್ಕೆ.

ಸ್ಕ್ರೀನ್ ಲಾಕ್ ಆಯಿತು. ಮುಂದಿನದು ಕಸ್ಟಮರ್ ಕೇರ್‌ಗೆ ಕರೆ. ಲಾಕ್ ಆದ ಫೋನಿನಲ್ಲೂ ಸಿಮ್ ಅಪಾಯಕಾರಿಯೇ, ಯಾಕೆಂದರೆ ಸಿಮ್‌ಗೆ ಫೋನಿನ ಲಾಕ್ ಅನ್ವಯಿಸುವುದಿಲ್ಲ. ಪಿನ್ ಚುಚ್ಚಿ ಟ್ರೇ ಎಳೆದು, ಸಿಮ್ಮನ್ನು ಇನ್ನೊಂದು ಫೋನಿಗೆ ಹಾಕಿ, ಅಲ್ಲಿ ವಾಟ್ಸ್ಆ್ಯಪ್ ತೆರೆದು ನಿಮ್ಮ ನಂಬರ್ ಕೊಟ್ಟರೆ ಕೋಡ್ ಅವನಿಗೇ ಬರುತ್ತದೆ. ಅಷ್ಟು ಕಷ್ಟವನ್ನೂ ಪಡಬೇಕಿಲ್ಲ, ಎಷ್ಟೋ ಫೋನ್‌ಗಳಲ್ಲಿ ಲಾಕ್ ಆದ ಸ್ಕ್ರೀನಿನ ಮೇಲೆಯೇ ಎಸ್‌ಎಂಎಸ್‌ನ ಒಂದು ಸಾಲು ಕಾಣಿಸುತ್ತದೆ. ಆರು ಅಂಕಿಗೆ ಅಷ್ಟು ಜಾಗ ಸಾಕು. ಸಿಮ್‌ಗೇ ಪ್ರತ್ಯೇಕ ಪಿನ್ ಇಟ್ಟವರಿಗೆ, ಅಥವಾ ಎತ್ತಿ ತೆಗೆಯಲಾಗದ ಇ-ಸಿಮ್ ಇರುವವರಿಗೆ ಮೊದಲನೆಯ ಭಯ ಕಡಿಮೆ, ಎರಡನೆಯದು ಹಾಗೇ ಇರುತ್ತದೆ.

ಸಂಜೆ 6:55ಕ್ಕೆ ಸಿಮ್ ಬ್ಲಾಕ್ ಆಯಿತು. ಇಲ್ಲಿಗೆ ಮುಗಿಯಿತು ಎಂದು ಬಹಳ ಜನ ನಿಟ್ಟುಸಿರು ಬಿಡುತ್ತಾರೆ. ನಿಜಕ್ಕೂ ಆಗಿರುವುದು ಇಷ್ಟೇ: ಇನ್ನು ಮುಂದೆ ಯಾರೂ ಆ ಸಿಮ್‌ನಿಂದ ಹೊಸ ಕೋಡ್ ಪಡೆಯಲಾರರು. ಈಗಾಗಲೇ ಆ ಫೋನಿನಲ್ಲಿ ನೋಂದಣಿಯಾಗಿರುವ ವಾಟ್ಸ್ಆ್ಯಪ್‌ಗೆ ಸಿಮ್ ಬೇಕಾಗಿಯೇ ಇಲ್ಲ. ಫೋನ್ ತೆರೆಯಲು ಸಾಧ್ಯವಾದವನಿಗೆ ಒಂದು ವೈಫೈ ಸಿಕ್ಕರೆ ಸಾಕು, ನಿಮ್ಮ ಹೆಸರಿನಲ್ಲಿ ಮೆಸೇಜ್ ಹೋಗುತ್ತದೆ, ಬರುವುದೂ ಅವನಿಗೇ ಬರುತ್ತದೆ.

ಲ್ಯಾಪ್‌ಟಾಪಿನಲ್ಲಿ ಉಳಿದಿರುವ ಕಿಟಕಿ

ಮನೆಗೆ ಬಂದ ಶಿಕ್ಷಕಿ ಲ್ಯಾಪ್‌ಟಾಪ್ ತೆರೆದರೆ ವಾಟ್ಸ್ಆ್ಯಪ್ ವೆಬ್ ಇನ್ನೂ ನಡೆಯುತ್ತಿದೆ. ಜೋಡಿಸಿದ ಸಾಧನಗಳು ಮುಖ್ಯ ಫೋನ್ ಆಫ್ ಆಗಿದ್ದರೂ ಕೆಲಸ ಮಾಡುತ್ತವೆ. ಮುಖ್ಯ ಫೋನ್ 14 ದಿನ ಬಳಕೆಯಾಗದಿದ್ದರೆ ಆಗ ಲಾಗೌಟ್ ಆಗುತ್ತವೆ. ಆದರೆ ಅಧಿಕಾರ ಒಂದೇ ದಿಕ್ಕಿನದು. ಫೋನಿನಿಂದ ಲ್ಯಾಪ್‌ಟಾಪನ್ನು ಹೊರಹಾಕಬಹುದು, ಲ್ಯಾಪ್‌ಟಾಪಿನಿಂದ ಫೋನನ್ನು ಹೊರಹಾಕಲಾಗದು. "ಲ್ಯಾಪ್‌ಟಾಪಿನಲ್ಲಿ ಲಾಗೌಟ್ ಕೊಟ್ಟೆ, ಸರಿಹೋಯ್ತಲ್ಲ?" ಎಂದು ಕೇಳುವವರಿದ್ದಾರೆ. ಅವರು ಮುಚ್ಚಿದ್ದು ತಮ್ಮ ಕೈಯಲ್ಲಿದ್ದ ಒಂದೇ ಕಿಟಕಿಯನ್ನು.

ಅದನ್ನು ಮುಚ್ಚುವ ಮೊದಲು ಉಪಯೋಗಿಸಿಕೊಳ್ಳಬೇಕು. ಶಿಕ್ಷಕಿ ಮಾಡಿದ ಮೊದಲ ಕೆಲಸ, ಮನೆಯವರ ಗ್ರೂಪಿಗೂ ಶಾಲೆಯ ಗ್ರೂಪಿಗೂ ಒಂದು ಸಾಲು ಹಾಕಿದ್ದು: "ನನ್ನ ಫೋನ್ ಕಳುವಾಗಿದೆ, ಈ ನಂಬರಿನಿಂದ ದುಡ್ಡು ಅಥವಾ ಕೋಡ್ ಕೇಳಿ ಮೆಸೇಜ್ ಬಂದರೆ ಅದು ನಾನಲ್ಲ." ಇದು ಕಳ್ಳನಿಗೂ ಕಾಣುತ್ತದೆ, ಕಾಣಲಿ. ಅವನು ಅದನ್ನು ಅಳಿಸಲೂಬಹುದು, ಹಾಗಾಗಿ ಒಂದಿಬ್ಬರಿಗೆ ಬೇರೆ ಫೋನಿನಿಂದ ಕರೆಯನ್ನೂ ಮಾಡಿದರು. ಎರಡನೆಯದು, ಬ್ಯಾಕಪ್ ಕೊನೆಯದಾಗಿ ಯಾವಾಗ ಆಗಿತ್ತೋ ಗೊತ್ತಿರಲಿಲ್ಲವಾದ್ದರಿಂದ, ಇತ್ತೀಚಿನ ಕೆಲವು ಮುಖ್ಯ ಮಾತುಕತೆಗಳನ್ನೂ ಫೈಲುಗಳನ್ನೂ ಲ್ಯಾಪ್‌ಟಾಪಿಗೆ ಇಳಿಸಿಕೊಂಡರು. ನಾಳೆ ಹೊಸ ಫೋನಿನಲ್ಲಿ ನೋಂದಾಯಿಸಿದಾಗ ಈ ವೆಬ್ ಕೂಡ ಲಾಗೌಟ್ ಆಗುತ್ತದೆ, ಆಮೇಲೆ ಆ ಅವಕಾಶ ಇರುವುದಿಲ್ಲ.

ಕಳುವಾದ ಫೋನ್ ಆನ್‌ಲೈನ್ ಇದೆಯೇ ಎಂದು ತಿಳಿಯಲು ಜನ ಇನ್ನೊಬ್ಬರಿಂದ ಮೆಸೇಜ್ ಕಳಿಸಿ ಟಿಕ್ ನೋಡುವುದುಂಟು. ಒಂದೇ ಟಿಕ್ ಬಂದರೆ ಎಲ್ಲಿಯೂ ತಲುಪಿಲ್ಲ. ಡಬಲ್ ಟಿಕ್ ಬಂದರೆ ತಲುಪಿದೆ. ಉಪಾಯವೇನೋ ಒಳ್ಳೆಯದೇ, ಆದರೆ ಜೋಡಿಸಿದ ಸಾಧನಕ್ಕೆ ತಲುಪಿದರೂ ಡಬಲ್ ಟಿಕ್ ಬರುತ್ತದೆ. ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಟಿಕ್ ನೋಡಿದರೆ ಕಾಣುವುದು ನಿಮ್ಮದೇ ಲ್ಯಾಪ್‌ಟಾಪಿನ ಗುರುತು. ಪರೀಕ್ಷೆ ಮಾಡುವುದಾದರೆ ಲ್ಯಾಪ್‌ಟಾಪನ್ನು ಸ್ವಲ್ಪ ಹೊತ್ತು ಇಂಟರ್ನೆಟ್‌ನಿಂದ ಬಿಡಿಸಿ ಮಾಡಬೇಕು.

ಅದೇ ರಾತ್ರಿ ಮಾಡಬೇಕಾದ ಇನ್ನೊಂದು ಕೆಲಸ ಗೂಗಲ್ ಖಾತೆಯದು. ವಾಟ್ಸ್ಆ್ಯಪ್ ಪಿನ್ ಮರೆತರೆ ಅದನ್ನು ಬದಲಿಸುವ ಲಿಂಕ್ ಇಮೇಲ್‌ಗೆ ಬರುತ್ತದೆ. ಆ ಇಮೇಲ್ ತೆರೆದುಕೊಂಡಿರುವುದು ಕಳುವಾದ ಫೋನಿನಲ್ಲೇ. ಗೂಗಲ್ ಖಾತೆಯ ಭದ್ರತೆ ವಿಭಾಗದಲ್ಲಿ ನಿಮ್ಮ ಸಾಧನಗಳ ಪಟ್ಟಿ ಇದೆ, ಅಲ್ಲಿ ಆ ಫೋನನ್ನು ಆರಿಸಿ ಸೈನ್‌ಔಟ್ ಕೊಡಿ, ಪಾಸ್‌ವರ್ಡನ್ನೂ ಬದಲಿಸಿ. ಆದರೆ ಫೋನನ್ನು ಹುಡುಕುವ ಅಥವಾ ಅಳಿಸುವ ಯೋಚನೆ ಇದ್ದರೆ ಅದನ್ನು ಮೊದಲು ಮಾಡಿ, ಸೈನ್‌ಔಟ್ ಆಮೇಲೆ. ಖಾತೆಯ ನಂಟು ಕಡಿದ ಮೇಲೆ ಆ ಫೋನ್ ನಿಮ್ಮ ಹುಡುಕಾಟಕ್ಕೆ ಓಗೊಡುವುದಿಲ್ಲ.

ಹೊಸ ಸಿಮ್, ಕೋಡ್, ಮತ್ತು ಇಟ್ಟಿಲ್ಲದ ಪಿನ್

ಮರುದಿನ ಬೆಳಗ್ಗೆ ಅದೇ ನಂಬರಿನ ಹೊಸ ಸಿಮ್ ಸಿಕ್ಕಿತು. ಮನೆಯಲ್ಲಿ ಬಿದ್ದಿದ್ದ ಒಂದು ಹಳೆಯ ಫೋನಿಗೆ ಹಾಕಿ, ವಾಟ್ಸ್ಆ್ಯಪ್ ಇಳಿಸಿ, ನಂಬರ್ ಕೊಟ್ಟರು. ಎಸ್‌ಎಂಎಸ್ ಬರಲಿಲ್ಲ. ಸಿಮ್ ಬದಲಿಸಿದ ಮೇಲೆ ವಂಚನೆ ತಡೆಯಲೆಂದು ಸ್ವಲ್ಪ ಕಾಲ ಎಸ್‌ಎಂಎಸ್ ತಡೆಹಿಡಿಯುವ ಪದ್ಧತಿ ಕೆಲವು ಕಡೆ ಇದೆ. ಹಾಗಾದಾಗ ಮತ್ತೆ ಮತ್ತೆ ಕೋಡ್ ಕೇಳಬಾರದು. ಪ್ರತಿ ಸಲವೂ ಕಾಯಬೇಕಾದ ಸಮಯ ಉದ್ದವಾಗುತ್ತ ಹೋಗುತ್ತದೆ. ಕೆಳಗೆ ಕಾಣುವ ಕರೆಯ ಆಯ್ಕೆ ಒತ್ತಿ, ಧ್ವನಿಯಲ್ಲಿ ಹೇಳುವ ಆರು ಅಂಕಿ ಬರೆದುಕೊಳ್ಳಬೇಕು.

ಆರು ಅಂಕಿ ಕೊಟ್ಟರು. ಮುಂದಿನ ಪರದೆ ಇನ್ನೊಂದು ಪಿನ್ ಕೇಳಿತು. ಅವರು ಇಟ್ಟೇ ಇರದ ಪಿನ್.

ಇದು ಹೇಗಾಯಿತೆಂದು ಹೇಳುವುದು ಕಷ್ಟವಲ್ಲ. ಫೋನ್ ಕೈಸೇರಿದಾಗ ಸ್ಕ್ರೀನ್ ತೆರೆದಿತ್ತು. ಲಾಕ್ ಆಜ್ಞೆ ತಲುಪುವ ಮೊದಲು ಸಿಕ್ಕ ಕೆಲವು ನಿಮಿಷಗಳಲ್ಲಿ ಅವನು ವಾಟ್ಸ್ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಎರಡು ಹಂತದ ಪರಿಶೀಲನೆಯನ್ನು ತಾನೇ ಆನ್ ಮಾಡಿ ತನ್ನದೊಂದು ಪಿನ್ ಹಾಕಿದ್ದ.

ಈ ಪರದೆ ಕಂಡವರು ಖಾತೆ ಕೈತಪ್ಪಿತು ಎಂದು ಅಳುವಂತಾಗುತ್ತಾರೆ. ವಾಸ್ತವ ಬೇರೆ. ಆರು ಅಂಕಿಯ ಎಸ್‌ಎಂಎಸ್ ಕೋಡ್ ಸರಿಯಾಗಿ ಕೊಟ್ಟ ಕ್ಷಣದಲ್ಲೇ ಕಳ್ಳನ ಫೋನಿನ ನೋಂದಣಿ ರದ್ದಾಗಿದೆ. ಪಿನ್ ನಿಮಗೆ ಗೊತ್ತಿರಲಿ ಬಿಡಲಿ, ಅವನು ಹೊರಗೆ. ನೀವೂ ಸದ್ಯಕ್ಕೆ ಹೊರಗೇ, ಪಿನ್ ಇಲ್ಲದೆ ಒಳಹೋಗಲು 7 ದಿನ ಕಾಯಬೇಕು. ಆ ಏಳು ದಿನ ಯಾರೂ ನಿಮ್ಮ ಹೆಸರಿನಲ್ಲಿ ಬರೆಯಲಾರರು. ಅವನು ಮತ್ತೆ ನೋಂದಾಯಿಸಬೇಕಾದರೆ ಅವನಿಗೂ ಹೊಸ ಎಸ್‌ಎಂಎಸ್ ಕೋಡ್ ಬೇಕು. ಸಿಮ್ ಈಗ ನಿಮ್ಮಲ್ಲಿದೆ. ಈ ಅವಧಿಯಲ್ಲಿ "ವಾಟ್ಸ್ಆ್ಯಪ್‌ನಿಂದ ಮಾತಾಡುತ್ತಿದ್ದೇವೆ, ನಿಮಗೆ ಬಂದ ಕೋಡ್ ಹೇಳಿ, ಬೇಗ ತೆರೆದುಕೊಡುತ್ತೇವೆ" ಎಂಬ ಕರೆ ಬಂದರೆ ಅದು ಯಾರದ್ದೆಂದು ಬಿಡಿಸಿ ಹೇಳಬೇಕಿಲ್ಲ.

ಪಿನ್ ಕೇಳದಿದ್ದರೆ ಆಗಲೇ ಒಳಗೆ ಹೋಗಿಬಿಡುತ್ತೀರಿ, ಕೂಡಲೇ ಬ್ಯಾಕಪ್ ತರಬೇಕೇ ಎಂದು ಕೇಳುತ್ತದೆ. ಇಲ್ಲಿ ಆತುರದಲ್ಲಿ ಸ್ಕಿಪ್ ಒತ್ತಬೇಡಿ, ಈ ಅವಕಾಶ ಬರುವುದು ಹೊಸದಾಗಿ ಹೊಂದಿಸುವ ಹೊತ್ತಿನಲ್ಲಿ. ಅದಕ್ಕೆ ಹಳೆಯ ಗೂಗಲ್ ಖಾತೆಯೇ ಈ ಫೋನಿನಲ್ಲೂ ಇರಬೇಕು. ಖಾತೆ ಸೇರಿಸಲು ಹೋದರೆ ಗೂಗಲ್ "ನಿಮ್ಮ ಇನ್ನೊಂದು ಫೋನಿನಲ್ಲಿ ಹೌದು ಎಂದು ಒತ್ತಿ" ಎನ್ನುತ್ತದೆ. ಆ ಇನ್ನೊಂದು ಫೋನ್ ಯಾವುದು ಎಂದು ಬೇರೆ ಹೇಳಬೇಕೇ! ಬೇರೆ ವಿಧಾನ ಆರಿಸಿ ಹೊಸ ಸಿಮ್‌ಗೆ ಕೋಡ್ ತರಿಸಿಕೊಳ್ಳಬಹುದು, ಅಥವಾ ಎಂಟು ಅಂಕಿಯ ಬ್ಯಾಕಪ್ ಕೋಡುಗಳನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟಿದ್ದರೆ ಅವುಗಳಲ್ಲೊಂದನ್ನು ಬಳಸಬಹುದು. ಬ್ಯಾಕಪ್ಪಿಗೆ ನೀವು ಎನ್‌ಕ್ರಿಪ್ಷನ್ ಹಾಕಿದ್ದರೆ ಅದರ ಪಾಸ್‌ವರ್ಡ್ ಅಥವಾ 64 ಅಂಕಿಯ ಕೀ ಕೂಡ ಬೇಕು. ಅದಿಲ್ಲದಿದ್ದರೆ ಬ್ಯಾಕಪ್ ಇದ್ದೂ ಇಲ್ಲದಂತೆ.

ನಂಬರ್ ವಾಪಸು ಸಿಗದಿದ್ದರೆ

ಸಿಮ್ ಬೇರೆಯವರ ಹೆಸರಿನಲ್ಲಿತ್ತು, ಪರದೇಶದಲ್ಲಿದ್ದೀರಿ, ಅಥವಾ ಹೊಸ ಸಿಮ್‌ಗೆ ವಾರಗಟ್ಟಲೆ ಬೇಕು. ಆಗ ಉಳಿದಿರುವುದು ವಾಟ್ಸ್ಆ್ಯಪ್‌ಗೇ ಬರೆದು ಖಾತೆಯನ್ನು ನಿಷ್ಕ್ರಿಯ ಮಾಡಿಸುವ ದಾರಿ. www.whatsapp.com/contact ಪುಟದ ಮೂಲಕ ಸಂಪರ್ಕಿಸಿ, ಸಂದೇಶದಲ್ಲಿ ಈ ವಾಕ್ಯವನ್ನು ಹೀಗೆಯೇ ಇಂಗ್ಲಿಷಿನಲ್ಲಿ ಬರೆಯಬೇಕು, ಕೆಳಗೆ ನಂಬರ್:

```
Lost/Stolen: Please deactivate my account
+[country code][number]
```

ನಂಬರನ್ನು ಅಂತರರಾಷ್ಟ್ರೀಯ ರೂಪದಲ್ಲಿ ಕೊಡಬೇಕು: ಪ್ಲಸ್ ಚಿಹ್ನೆ, ದೇಶದ ಕೋಡ್, ಆಮೇಲೆ ನಂಬರ್, ಅದರ ಮೊದಲಲ್ಲಿ ಬರುವ ಸೊನ್ನೆ ಬಿಟ್ಟು. ದೇಶದ ಕೋಡ್ ಇಲ್ಲದ ನಂಬರ್ ಯಾವ ಖಾತೆಯದ್ದೆಂದೇ ಗೊತ್ತಾಗುವುದಿಲ್ಲ.

ಈ ದಾರಿಗೆ ಒಂದು ಕಥೆಯಿದೆ. 2023ರ ಜುಲೈನಲ್ಲಿ ಜೇಕ್ ಮೂರ್ ಎಂಬ ಭದ್ರತಾ ತಜ್ಞರು ಒಂದು ಸಂಗತಿಯನ್ನು ಬಯಲಿಗೆಳೆದರು. ಇಂಥ ಮೇಲ್ ಯಾವ ಇಮೇಲ್ ವಿಳಾಸದಿಂದ ಬಂದರೂ, ಕಳಿಸಿದವರು ನಂಬರಿನ ನಿಜವಾದ ಮಾಲೀಕರೇ ಎಂದು ನೋಡದೆ, ವ್ಯವಸ್ಥೆ ತಾನಾಗಿಯೇ ಖಾತೆಯನ್ನು ನಿಷ್ಕ್ರಿಯಗೊಳಿಸುತ್ತಿತ್ತು. ಅಂದರೆ ನಿಮ್ಮ ನಂಬರ್ ಗೊತ್ತಿರುವ ಯಾರು ಬೇಕಾದರೂ ನಿಮ್ಮನ್ನು ಹೊರಹಾಕಬಹುದಿತ್ತು. ಸುದ್ದಿಯಾದ ಮೇಲೆ ಆ ತಾನಾಗಿ ಆಗುವ ಕ್ರಮವನ್ನು ನಿಲ್ಲಿಸಲಾಯಿತು. ದೂರದಿಂದ ಮುಚ್ಚುವ ಬಾಗಿಲನ್ನು ಸಲೀಸು ಮಾಡಿದಷ್ಟೂ ಅದನ್ನು ಕಿಡಿಗೇಡಿಗಳಿಗೂ ತೆರೆದಂತಾಗುತ್ತದೆ. ಈ ಆ್ಯಪ್‌ಗಳಲ್ಲಿ ಆ ಬಟನ್ ಏಕೆ ಇಲ್ಲ ಎಂಬ ಪ್ರಶ್ನೆಗೆ ಇದೇ ಉತ್ತರ. ಹಾಗಾಗಿ ನಂಬರ್ ನಿಮ್ಮದೆಂದು ತೋರಿಸುವ ಬಿಲ್ಲೋ ದಾಖಲೆಯೋ ಕೈಯಲ್ಲಿದ್ದರೆ ಒಳ್ಳೆಯದು.

ನಿಷ್ಕ್ರಿಯವಾದ ಖಾತೆ ಅಳಿಸಿಹೋದ ಖಾತೆಯಲ್ಲ. ನಿಮ್ಮ ಪ್ರೊಫೈಲ್ ಬೇರೆಯವರಿಗೆ ಕಾಣುತ್ತಲೇ ಇರುತ್ತದೆ, ಅವರು ಮೆಸೇಜ್ ಕಳಿಸಬಹುದು, ಆ ಮೆಸೇಜುಗಳು 30 ದಿನದವರೆಗೆ ಕಾಯುತ್ತವೆ. ಅಷ್ಟರೊಳಗೆ ನೀವು ನಂಬರ್ ಪಡೆದು ಮತ್ತೆ ನೋಂದಾಯಿಸಿದರೆ ಅವೆಲ್ಲ ಬರುತ್ತವೆ, ಗ್ರೂಪುಗಳೂ ಹಾಗೇ ಇರುತ್ತವೆ. 30 ದಿನ ಕಳೆದರೆ ಖಾತೆ ಪೂರ್ತಿ ಅಳಿಸಿಹೋಗುತ್ತದೆ. ಇಷ್ಟರಲ್ಲಿ ಮರೆಯಬಾರದ್ದು ಒಂದು: ಸಿಮ್ ಬ್ಲಾಕ್ ಮಾಡಿಸದೆ ಈ ಮೇಲ್ ಮಾತ್ರ ಕಳಿಸಿದರೆ, ಕಳ್ಳ ಅದೇ ಸಿಮ್‌ಗೆ ಹೊಸ ಕೋಡ್ ತರಿಸಿಕೊಂಡು ಖಾತೆಯನ್ನು ಮತ್ತೆ ಚಾಲೂ ಮಾಡಬಲ್ಲ. ನಂಬರ್ ವಾಪಸು ಸಿಗದಿದ್ದರೂ ಅದನ್ನು ಬ್ಲಾಕ್ ಮಾಡಿಸಲೇಬೇಕು. ಸಿಮ್ ಯಾರ ಹೆಸರಿನಲ್ಲಿದೆಯೋ ಅವರಿಂದಲೇ ಕರೆ ಮಾಡಿಸಿ.

ಫೋನಿನೊಳಗೆ ಉಳಿಯುವುದು

ಖಾತೆ ವಾಪಸು ಬಂತು. ಆದರೆ ಹಳೆಯ ಚಾಟ್? ವಾಟ್ಸ್ಆ್ಯಪ್ ಚಾಟುಗಳನ್ನು ಇಟ್ಟುಕೊಳ್ಳುವುದು ಫೋನಿನಲ್ಲೇ. ನೋಂದಣಿ ರದ್ದಾದ ಸುದ್ದಿ ಆ ಫೋನಿಗೆ ತಲುಪಿದಾಗ ಆ್ಯಪ್ "ಈ ಫೋನಿನಲ್ಲಿ ನಿಮ್ಮ ನಂಬರ್ ಈಗ ನೋಂದಣಿಯಲ್ಲಿಲ್ಲ" ಎಂದು ಹೇಳಿ ಹೊರಗೆ ನಿಲ್ಲಿಸುತ್ತದೆ. ಸುದ್ದಿ ತಲುಪುವುದು ಇಂಟರ್ನೆಟ್ ಇದ್ದರೆ ಮಾತ್ರ. ಏರೋಪ್ಲೇನ್ ಮೋಡ್‌ನಲ್ಲಿಟ್ಟು ಫೋನ್ ತೆರೆಯಬಲ್ಲವನಿಗೆ ಆ ಕ್ಷಣದವರೆಗಿನ ಚಾಟುಗಳೆಲ್ಲ ಕಾಣುತ್ತವೆ. ಹೊಸದು ಬರುವುದಿಲ್ಲ, ಅವನು ಕಳಿಸಿದ್ದು ಹೋಗುವುದಿಲ್ಲ, ಆದರೆ ಓದಲು ಅಡ್ಡಿಯಿಲ್ಲ. ಇದಲ್ಲದೆ ಆಂಡ್ರಾಯ್ಡ್‌ನಲ್ಲಿ ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊ, ಪಿಡಿಎಫ್‌ಗಳು ಸಾಮಾನ್ಯ ಫೋಲ್ಡರಿನಲ್ಲಿರುತ್ತವೆ. ಗ್ಯಾಲರಿ ತೆರೆದರೆ ಸಾಕು, ಆ್ಯಪ್ ಬೇಕಾಗಿಯೇ ಇಲ್ಲ. ಗುರುತಿನ ಚೀಟಿಯ ಫೋಟೊವನ್ನು ಯಾರಿಗೋ ಕಳಿಸಿ ಮರೆತವರು ಇದನ್ನು ಯೋಚಿಸಬೇಕು.

ಇದಕ್ಕೆ ಇರುವ ಮದ್ದು ಖಾತೆಯಲ್ಲಿಲ್ಲ, ಫೋನನ್ನೇ ದೂರದಿಂದ ಅಳಿಸುವುದರಲ್ಲಿದೆ: ಆಂಡ್ರಾಯ್ಡ್‌ಗೆ ಗೂಗಲ್‌ನ ಫೈಂಡ್ ಹಬ್, ಐಫೋನ್‌ಗೆ ಫೈಂಡ್ ಮೈ. ಆಜ್ಞೆ ಕೊಟ್ಟಿಟ್ಟರೆ ಫೋನ್ ಮುಂದಿನ ಸಲ ಇಂಟರ್ನೆಟ್‌ಗೆ ಬಂದಾಗ ಅಳಿಸಿಕೊಳ್ಳುತ್ತದೆ. ಆಂಡ್ರಾಯ್ಡ್ ಫೋನ್ ಅಳಿಸಿದ ಮೇಲೆ ಅದರ ಜಾಗ ತಿಳಿಯುವುದಿಲ್ಲ, ಮೆಮೊರಿ ಕಾರ್ಡಿನಲ್ಲಿರುವುದು ಉಳಿದುಬಿಡಬಹುದು. ಸ್ಕ್ರೀನ್ ಲಾಕ್ ಬಿದ್ದಿದ್ದರೆ ಒಂದೆರಡು ದಿನ ಜಾಗ ಹುಡುಕಿ ನೋಡಬಹುದು, ಶಿಕ್ಷಕಿ ಹಾಗೆಯೇ ಮಾಡಿದರು. ಲಾಕ್ ಬಿದ್ದಿಲ್ಲ ಎಂಬ ಅನುಮಾನವಿದ್ದರೆ ನಾನಂತೂ ಫೋನಿನ ಆಸೆ ಬಿಟ್ಟು ಕೂಡಲೇ ಅಳಿಸಿ ಎನ್ನುತ್ತೇನೆ.

ಟೆಲಿಗ್ರಾಮ್‌ನಲ್ಲಿ ಲೆಕ್ಕ ತಲೆಕೆಳಗು

ಈವರೆಗೆ ಹೇಳಿದ್ದನ್ನು ಟೆಲಿಗ್ರಾಮ್‌ಗೆ ಹಾಗೇ ಅನ್ವಯಿಸಿದರೆ ಮೋಸಹೋಗುತ್ತೀರಿ. ಅಲ್ಲಿ ಒಂದು ನಂಬರಿಗೆ ಒಂದೇ ಫೋನ್ ಎಂಬ ನಿಯಮವಿಲ್ಲ. ಚಾಟುಗಳು ಕ್ಲೌಡ್‌ನಲ್ಲಿರುತ್ತವೆ, ಎಷ್ಟು ಸಾಧನಗಳಲ್ಲಾದರೂ ಲಾಗಿನ್ ಆಗಬಹುದು, ಎಲ್ಲವೂ ಸಮಾನ. ಹೊಸ ಫೋನಿನಲ್ಲಿ ಲಾಗಿನ್ ಆದರೆ ಕಳುವಾದ ಫೋನಿಗೆ ಏನೂ ಆಗುವುದಿಲ್ಲ. ಸೆಟ್ಟಿಂಗ್ಸ್‌ನ Devices ಪಟ್ಟಿಗೆ ಹೋಗಿ ಆ ಫೋನಿನ ಸೆಷನ್ನನ್ನು ನೀವೇ ಕೊನೆಗೊಳಿಸಬೇಕು.

ತೊಡಕು ಇಲ್ಲೇ ಇದೆ. ಹೊಸದಾಗಿ ಲಾಗಿನ್ ಆದ ಸಾಧನ ಮೊದಲ 24 ಗಂಟೆ ಬೇರೆ ಸೆಷನ್‌ಗಳನ್ನು ಹೊರಹಾಕಲಾಗದು. ಯಾರೋ ನಿಮ್ಮ ಕೋಡ್ ಕದ್ದು ಒಳಬಂದರೆ ಕೂಡಲೇ ನಿಮ್ಮನ್ನೇ ಹೊರದಬ್ಬದಿರಲಿ ಎಂದು ಮಾಡಿದ ನಿಯಮ ಅದು. ಫೋನೇ ಕಳುವಾದಾಗ ಅದೇ ನಿಯಮ ಕಳ್ಳನ ಪರವಾಗಿ ನಿಲ್ಲುತ್ತದೆ. ಅವನ ಕೈಯಲ್ಲಿರುವುದು ಹಳೆಯ ಸೆಷನ್, ನಿಮ್ಮದು ಹೊಸತು. ಅವನು ನಿಮ್ಮನ್ನು ಹೊರಹಾಕಬಹುದು, ನೀವು ಅವನನ್ನು ಹೊರಹಾಕಲು ಒಂದು ದಿನ ಕಾಯಬೇಕು. ಸಾಲದ್ದಕ್ಕೆ ಲಾಗಿನ್ ಕೋಡ್ ಮೊದಲು ಬರುವುದು ಈಗಾಗಲೇ ತೆರೆದಿರುವ ಟೆಲಿಗ್ರಾಮ್ ಆ್ಯಪ್‌ಗೇ, ಎಸ್‌ಎಂಎಸ್‌ಗೆ ಅಲ್ಲ.

ಹಾಗಾಗಿ ಟೆಲಿಗ್ರಾಮ್ ಬಳಸುವವರಿಗೆ ಮನೆಯಲ್ಲಿ ಮೊದಲೇ ಲಾಗಿನ್ ಆಗಿರುವ ಒಂದು ಲ್ಯಾಪ್‌ಟಾಪ್ ಅಥವಾ ಟ್ಯಾಬ್ ಇದ್ದರೆ ಅದೇ ದೊಡ್ಡ ಆಸರೆ. ವಾಟ್ಸ್ಆ್ಯಪ್‌ನಲ್ಲಿ ಲ್ಯಾಪ್‌ಟಾಪಿಗೆ ಇಲ್ಲದ ಅಧಿಕಾರ ಇಲ್ಲಿ ಇದೆ. ಅದರಿಂದ ಕಳುವಾದ ಫೋನಿನ ಸೆಷನ್ನನ್ನು ಆಗಲೇ ಮುಗಿಸಬಹುದು. ಮುಗಿಸಿದ್ದು ಆ ಫೋನ್ ಆನ್‌ಲೈನ್ ಬಂದಾಗ ಅದಕ್ಕೆ ಗೊತ್ತಾಗುತ್ತದೆ. ಟೆಲಿಗ್ರಾಮ್‌ಗೆ ವೆಬ್‌ನಿಂದಲೇ ಖಾತೆ ಅಳಿಸುವ ಪುಟವೂ ಇದೆ, my.telegram.org/delete. ದೂರದಿಂದ ಡಿಲೀಟ್ ಮಾಡುವ ನಿಜವಾದ ಬಟನ್ ಅಂತ ಒಂದಿದ್ದರೆ ಅದೇ. ಆದರೆ ಅದಕ್ಕೆ ಬೇಕಾದ ಕೋಡ್ ಬರುವುದೂ ಟೆಲಿಗ್ರಾಮ್ ಆ್ಯಪ್‌ಗೆ. ನಿಮ್ಮಲ್ಲಿ ಬೇರೆ ಸಾಧನದಲ್ಲಿ ಆ್ಯಪ್ ತೆರೆದಿಲ್ಲದಿದ್ದರೆ ಕೋಡ್ ಓದುವವನು ಕಳ್ಳ.

ಸಿಗ್ನಲ್ ಈ ವಿಷಯದಲ್ಲಿ ವಾಟ್ಸ್ಆ್ಯಪ್‌ನ ಜಾತಿಗೆ ಸೇರಿದ್ದು: ಅದೇ ನಂಬರಿನಲ್ಲಿ ಹೊಸ ಫೋನಿನಲ್ಲಿ ನೋಂದಾಯಿಸಿದರೆ ಹಳೆಯದು ಕಳಚಿಕೊಳ್ಳುತ್ತದೆ.

ಇಷ್ಟೆಲ್ಲ ಆದ ಮೇಲೂ ವಾಟ್ಸ್ಆ್ಯಪ್ ಖಾತೆಯೇ ಬೇಡ ಎಂದರೆ, ಆ ನಂಬರನ್ನು ಬಿಟ್ಟುಬಿಡುವ ಯೋಚನೆ ಇದ್ದವರು ಹಾಗೆ ಅನ್ನುವುದುಂಟು, ಡಿಲೀಟ್ ಮಾಡಬೇಕಾದ ಹೊತ್ತು ಈಗ ಬಂದಿದೆ. ನಂಬರ್ ನಿಮ್ಮ ಹತ್ತಿರ ಇರುವಾಗಲೇ ಹೊಸ ಫೋನಿನಲ್ಲಿ ನೋಂದಾಯಿಸಿಕೊಂಡು, ಸೆಟ್ಟಿಂಗ್ಸ್‌ನ ಅಕೌಂಟ್ ವಿಭಾಗಕ್ಕೆ ಹೋಗಿ, ನಂಬರನ್ನು ಪೂರ್ತಿ ಬರೆದು ಅಳಿಸಿ. ಎಲ್ಲ ಗ್ರೂಪುಗಳಿಂದ ಹೊರಬರುತ್ತೀರಿ, ಬ್ಯಾಕಪ್ ಹೋಗುತ್ತದೆ, ಸರ್ವರಿನಲ್ಲಿರುವ ಮಾಹಿತಿ ಅಳಿಯಲು 90 ದಿನದವರೆಗೆ ಹಿಡಿಯಬಹುದು. ನೀವು ಇತರರಿಗೆ ಕಳಿಸಿದ್ದ ಮೆಸೇಜುಗಳು ಅವರ ಫೋನಿನಲ್ಲಿ ಹಾಗೇ ಉಳಿಯುತ್ತವೆ. ಕಳುವಾದ ಫೋನಿನ ಫೋಲ್ಡರಿನಲ್ಲಿರುವ ಫೋಟೊಗಳಿಗೂ ಈ ಡಿಲೀಟ್‌ಗೂ ಸಂಬಂಧವಿಲ್ಲ.